ಅಪ್ಪನ ಮಾತ್ರೆ ತಟ್ಟೆಯ ಪಕ್ಕದಲ್ಲಿರಲಿ

ಅಮ್ಮನಿಗೆ ನಮಸ್ಕಾರಗಳು.

ನಿನ್ನೆ ನೀನು ಫೋನಿನಲ್ಲಿ ಓದಿ ಹೇಳಿದ ಅಪ್ಪನ ರಿಪೋರ್ಟ್ ತಲೆಯಲ್ಲೇ ಸುತ್ತುತ್ತಿದೆ. ಫಾಸ್ಫರಸ್ 7.1 ಬಂದಿದೆ. ಅದು ಆರೋಗ್ಯವಂತರಲ್ಲಿ 2.5ರಿಂದ 4.5ರ ಒಳಗಿರುತ್ತದೆ. "ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ" ಅಂದೆ. ಯಾವಾಗ ಕೊಡ್ತೀಯ ಅಂತ ಕೇಳಿದ ಮೇಲೆ ಗೊತ್ತಾಯಿತು: ಫಾಸ್ಫರಸ್ ಕಡಿಮೆ ಮಾಡುವ ಮೂರೂ ಸೆವೆಲಮರ್ ಮಾತ್ರೆಗಳು ಬೆಳಿಗ್ಗೆ ಬಿಪಿ ಮಾತ್ರೆ ಜೊತೆ, ಖಾಲಿ ಹೊಟ್ಟೆಗೆ. ತಪ್ಪು ನಿನ್ನದಲ್ಲ. ಚೀಟಿಯಲ್ಲಿ "ದಿನಕ್ಕೆ ಮೂರು" ಅಂತಷ್ಟೇ ಇತ್ತಂತೆ. ಇಲ್ಲಿ ದಿನಾ ಡಯಾಲಿಸಿಸ್ ರೋಗಿಗಳನ್ನೇ ನೋಡಿಕೊಳ್ಳುವ ನಾನೂ ಇಷ್ಟು ದಿನ ಕೇಳಲಿಲ್ಲವಲ್ಲ!

ಈ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಮಾಡುವಂಥದ್ದಲ್ಲ. ಕರುಳಿನಲ್ಲೇ ಉಳಿದು, ಊಟದಲ್ಲಿ ಫಾಸ್ಫೇಟ್ ರೂಪದಲ್ಲಿರುವ ಫಾಸ್ಫರಸ್ಸನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಹೊಟ್ಟೆ ಖಾಲಿ ಇದ್ದರೆ ಹಿಡಿಯೋಕೆ ಏನಿದೆ? ರಾತ್ರಿ ಊಟದ ಹೊತ್ತಿಗೆ ಬೆಳಗಿನ ಮಾತ್ರೆ ಯಾವ ಉಪಯೋಗಕ್ಕೂ ಬರುವುದಿಲ್ಲ.

"ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಲ್ಲ, ಅದು ಸಾಲದಾ?" ಅಂತ ಅಪ್ಪ ಕೇಳುತ್ತಾರೆ. ಅವರಿಗೆ ಲೆಕ್ಕ ಇಷ್ಟ, ಅದನ್ನೇ ಹೇಳು. ದಿನಕ್ಕೆ 1000 ಮಿಲಿಗ್ರಾಂ ಫಾಸ್ಫರಸ್ ತಿಂದರೆ ಸುಮಾರು 600 ರಕ್ತಕ್ಕೆ ಸೇರುತ್ತದೆ. ವಾರಕ್ಕೆ 4200. ಡಯಾಲಿಸಿಸ್ ಒಂದು ಸಲಕ್ಕೆ ಹೆಚ್ಚುಕಡಿಮೆ 800 ತೆಗೆಯುತ್ತದೆ, ಮೂರು ಸಲಕ್ಕೆ 2400. ಉಳಿದ 1800 ಎಲ್ಲಿಗೆ ಹೋಗಬೇಕು? ಕಿಡ್ನಿಯಂತೂ ಹೊರಹಾಕುವುದಿಲ್ಲ.

ಹಾಗೆ ಉಳಿದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಜಾಸ್ತಿ ಹಾರ್ಮೋನ್ ಸುರಿಸುತ್ತವೆ, ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಮೂಳೆ ಸವೆಯುತ್ತದೆ. ಇತ್ತ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಸೇರಿ ರಕ್ತನಾಳದ ಗೋಡೆಯಲ್ಲಿ ಗಟ್ಟಿಯಾಗುತ್ತವೆ. ಹೃದಯಕ್ಕೆ ಅದೇ ಭಾರ. ಇದೆಲ್ಲ ನೋವಿಲ್ಲದೆ ನಡೆಯುತ್ತದೆ, ಅದಕ್ಕೇ "ನಂಗೇನೂ ಆಗಿಲ್ಲ" ಅನ್ನುವ ಅಪ್ಪನ ಮಾತು ನಂಬೋಕಾಗಲ್ಲ. ರಾತ್ರಿ ಮೈ ತುರಿಕೆ ಅಂತಾರಲ್ವಾ, ಅದಕ್ಕೂ ಇದು ಒಂದು ಕಾರಣ ಇರಬಹುದು.

ಈ ವಾರವೇ ಡಾಕ್ಟರಿಗೆ ಇದನ್ನು ಹೇಳು. ಅವರು ಒಪ್ಪಿದರೆ ತಿಂಡಿಗೊಂದು, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಮೊದಲ ತುತ್ತುಗಳ ಜೊತೆಗೇ ನುಂಗಬೇಕು, ಅಗಿಯಬಾರದು. (ಲ್ಯಾಂಥನಮ್ ಅಂತ ಇನ್ನೊಂದಿದೆ, ಅದನ್ನು ಮಾತ್ರ ಅಗಿದು ತಿನ್ನಬೇಕು.) ಊಟ ಮುಗಿದ ಕೂಡಲೇ ನೆನಪಾದರೆ ಕೊಡು. ಎರಡು ಗಂಟೆ ಕಳೆದಿದ್ದರೆ ಬಿಟ್ಟುಬಿಡು, ಮುಂದಿನ ಊಟಕ್ಕೆ ಎರಡು ಕೊಡಬೇಡ. ಅಪ್ಪ ಊಟ ಬಿಟ್ಟರೆ ಆ ಹೊತ್ತಿನ ಮಾತ್ರೆಯೂ ಬೇಡ. ರಾತ್ರಿ ಅವರು ಜಾಸ್ತಿ ಊಟ ಮಾಡುವುದರಿಂದ ಆಗ ಎರಡು ಬೇಕಾ ಅಂತಲೂ ಕೇಳು. ಮಲಬದ್ಧತೆ ಆದರೆ ಮುಚ್ಚಿಡಬೇಡಿ ಅಂತ ಅಪ್ಪನಿಗೆ ಹೇಳು, ಈ ಮಾತ್ರೆಯಿಂದ ಅದು ಆಗುತ್ತದೆ.

ಮುಂದಿನ ತಿಂಗಳ ರಿಪೋರ್ಟ್ ಬಂದ ದಿನವೇ ಫೋಟೋ ಕಳಿಸು.

ನಿನ್ನ ಮಗಳು