ಫೈಬರ್ ಲೈನ್ ಬದಲಾವಣೆ ಮತ್ತು ಟಿವಿಯಲ್ಲಿ ಬರಬಹುದಾದ ಎರಡು ಸಂದೇಶಗಳ ಕುರಿತು

ಮಾನ್ಯ ಗ್ರಾಹಕರೇ,

ಚಿಕ್ಕಮಗಳೂರು ನಗರ, ಆಲ್ದೂರು ಮತ್ತು ಮೂಡಿಗೆರೆ ಭಾಗದ ನಮ್ಮ ಇಂಟರ್‌ನೆಟ್ ಸಂಪರ್ಕಗಳನ್ನು ಬರುವ ತಿಂಗಳ 10ರ ರಾತ್ರಿ ಹೊಸ ಮುಖ್ಯ ಲೈನಿಗೆ ವರ್ಗಾಯಿಸಲಾಗುತ್ತದೆ. ತಮ್ಮ ಮನೆಯ ರೂಟರ್, ವೈ-ಫೈ ಹೆಸರು, ಪಾಸ್‌ವರ್ಡ್ ಮತ್ತು ಮಾಸಿಕ ಶುಲ್ಕ ಮೊದಲಿನಂತೆಯೇ ಇರುತ್ತವೆ. ಬದಲಾಗುವುದು ಹೊರಗಿನ ಸೇವೆಗಳಿಗೆ ತಮ್ಮ ಸಂಪರ್ಕ ಯಾವುದೆಂದು ತೋರಿಸುವ ಐಪಿ ವಿಳಾಸ ಮಾತ್ರ. ಹೆಚ್ಚಿನ ಮನೆಗಳಲ್ಲಿ ಇದು ಗಮನಕ್ಕೂ ಬರಲಿಕ್ಕಿಲ್ಲ. ಆದರೆ ನೆಟ್‌ಫ್ಲಿಕ್ಸ್ ನೋಡುವವರಿಗೆ ಕೆಲವೊಮ್ಮೆ ತೊಡಕಾಗಬಹುದಾದ್ದರಿಂದ ಮುಂಚಿತವಾಗಿ ತಿಳಿಸುತ್ತಿದ್ದೇವೆ.

ನೆಟ್‌ಫ್ಲಿಕ್ಸ್ ಒಂದು ಖಾತೆಯನ್ನು ಒಂದೇ ಮನೆಯಲ್ಲಿ ವಾಸಿಸುವವರ ಬಳಕೆಗೆಂದು ಮಿತಿಗೊಳಿಸಿದೆ. ಈ ನಿಯಮ ಭಾರತದಲ್ಲಿ 2023ರ ಜುಲೈನಲ್ಲಿ ಜಾರಿಗೆ ಬಂತು. ಯಾವುದು ಆ ಮನೆ ಎಂಬುದನ್ನು ಟಿವಿಯ ಮೂಲಕ ಗುರುತಿಸಲಾಗುತ್ತದೆ. ಆ ಟಿವಿ ಇರುವ ಇಂಟರ್‌ನೆಟ್ ಸಂಪರ್ಕವನ್ನೇ ಬಳಸುವ ಉಳಿದ ಸಾಧನಗಳು ಅದೇ ಮನೆಯವೆಂದು ಲೆಕ್ಕಕ್ಕೆ ಬರುತ್ತವೆ. ಇದಕ್ಕಾಗಿ ಐಪಿ ವಿಳಾಸ, ಸಾಧನದ ಗುರುತು ಮತ್ತು ಖಾತೆಯ ಬಳಕೆಯನ್ನು ಒಟ್ಟಿಗೆ ನೋಡುತ್ತಾರೆ. ಹೀಗಾಗಿ ಐಪಿ ವಿಳಾಸ ಬದಲಾದಾಗ, ವರ್ಷಗಳಿಂದ ಅದೇ ಗೋಡೆಯ ಮೇಲಿರುವ ಟಿವಿಯಲ್ಲೂ "Your TV isn't part of the Netflix Household for this account" ಎಂಬ ಸಂದೇಶ ಬರುವ ಸಾಧ್ಯತೆ ಇದೆ.

ಹಾಗೆ ಬಂದರೆ ಟಿವಿಯ ನೆಟ್‌ಫ್ಲಿಕ್ಸ್ ಮೆನುವಿನಲ್ಲಿ Get Help, ನಂತರ Manage Netflix Household ಆಯ್ಕೆ ಮಾಡಿಕೊಂಡು, ಮನೆಯನ್ನು ದೃಢೀಕರಿಸಲು ಅಥವಾ ನವೀಕರಿಸಲು ಕೇಳಬೇಕು. ಖಾತೆಯಲ್ಲಿ ನೋಂದಾಯಿಸಿದ ಇಮೇಲ್ ಅಥವಾ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ. ಅದರ ಅವಧಿ 15 ನಿಮಿಷ ಮಾತ್ರವಾದ್ದರಿಂದ, ಆ ಫೋನ್ ಬೆಂಗಳೂರಿನಲ್ಲಿರುವ ಮಗನ ಬಳಿ ಇದ್ದರೆ ಮೊದಲು ಅವರಿಗೆ ಕರೆ ಮಾಡಿ, ಅವರು ಸಿದ್ಧರಾದ ಮೇಲೆಯೇ ಲಿಂಕ್ ಕಳುಹಿಸಿಕೊಳ್ಳುವುದು ಒಳ್ಳೆಯದು. ಈ ಲಿಂಕನ್ನಾಗಲಿ, ಪಾಸ್‌ವರ್ಡನ್ನಾಗಲಿ ನಮ್ಮ ಸಿಬ್ಬಂದಿ ಎಂದಿಗೂ ಕೇಳುವುದಿಲ್ಲ; ನಮ್ಮ ಹೆಸರು ಹೇಳಿ ಯಾರಾದರೂ ಕೇಳಿದರೆ ದಯವಿಟ್ಟು ಕೊಡಬೇಡಿ.

ಎರಡನೆಯ ಸಂದೇಶ "Too many people are using your account right now". ಇದಕ್ಕೂ ಐಪಿ ವಿಳಾಸಕ್ಕೂ, ನಮ್ಮ ಲೈನಿನ ಬದಲಾವಣೆಗೂ ಸಂಬಂಧವಿಲ್ಲ. ಇದು ಏಕಕಾಲಕ್ಕೆ ಎಷ್ಟು ಪರದೆಗಳಲ್ಲಿ ಚಿತ್ರ ಓಡುತ್ತಿದೆ ಎಂಬುದರ ಲೆಕ್ಕ. ಮೊಬೈಲ್ ಮತ್ತು ಬೇಸಿಕ್ ಯೋಜನೆಗಳಲ್ಲಿ ಒಂದು, ಸ್ಟ್ಯಾಂಡರ್ಡ್‌ನಲ್ಲಿ ಎರಡು, ಪ್ರೀಮಿಯಂನಲ್ಲಿ ನಾಲ್ಕು ಪರದೆಗಳಿಗೆ ಅವಕಾಶವಿದೆ. ಎಷ್ಟು ಸಾಧನಗಳಲ್ಲಿ ಲಾಗಿನ್ ಆಗಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ.

ಆಲ್ದೂರಿನ ಕಾಫಿ ತೋಟದ ಒಂದು ಮನೆಯಿಂದ "ರಾತ್ರಿ ಎಂಟಾದರೆ ನೆಟ್ ಕೈಕೊಡುತ್ತದೆ" ಎಂಬ ದೂರು ಬಂದಿತ್ತು. ನಮ್ಮ ತಂತ್ರಜ್ಞರು ಹೋಗಿ ನೋಡಿದಾಗ ಲೈನ್ ಸರಿಯಾಗಿಯೇ ಇತ್ತು. ಟಿವಿಯಲ್ಲಿದ್ದುದು ಈ ಎರಡನೆಯ ಸಂದೇಶ. ಅವರದು ಎರಡು ಪರದೆಗಳ ಸ್ಟ್ಯಾಂಡರ್ಡ್ ಯೋಜನೆ. ಮನೆಯ ಮಗಳು ತನ್ನ ಕೋಣೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದರು. ಮಹಡಿಯ ಮೇಲೆ ಅಜ್ಜಿ ರಿಮೋಟಿನಿಂದ ಟಿವಿ ಆರಿಸಿ ಮಲಗಿದ್ದರು, ಆದರೆ ಟಿವಿಗೆ ಚುಚ್ಚಿದ್ದ ಸ್ಟಿಕ್ಕಿಗೆ ಬೇರೆ ಅಡಾಪ್ಟರಿನಿಂದ ಕರೆಂಟ್ ಹೋಗುತ್ತಿದ್ದುದರಿಂದ ಕಪ್ಪು ಪರದೆಯ ಹಿಂದೆ ಸಂಚಿಕೆಯ ಮೇಲೆ ಸಂಚಿಕೆ ಓಡುತ್ತಲೇ ಇತ್ತು. ಕೆಳಗಿನ ಟಿವಿ ಮೂರನೆಯದಾಯಿತು. ಟಿವಿ ಆರಿಸುವ ಮೊದಲು ಬ್ಯಾಕ್ ಗುಂಡಿ ಒತ್ತಿ ಚಿತ್ರದಿಂದ ಹೊರಬರುವ ಅಭ್ಯಾಸ ಮಾಡಿಕೊಂಡ ಮೇಲೆ ಆ ದೂರು ಮತ್ತೆ ಬರಲಿಲ್ಲ. ಯಾವ ಸಾಧನ ಎಂದು ತಿಳಿಯದಿದ್ದರೆ ಖಾತೆಯ Manage Access and Devices ಪುಟದಲ್ಲಿ ಇತ್ತೀಚೆಗೆ ಬಳಸಿದ ಸಾಧನಗಳ ಪಟ್ಟಿ ಇರುತ್ತದೆ. ಬೇಡವಾದದ್ದನ್ನು ಅಲ್ಲಿಂದಲೇ ಲಾಗೌಟ್ ಮಾಡಬಹುದು.

ಒಂದೇ ತೋಟದೊಳಗೆ ಎರಡು ಸಂಪರ್ಕ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ದೊಡ್ಡ ಮನೆಯ ಟಿವಿ ನಮ್ಮ ಫೈಬರಿನಲ್ಲಿದ್ದು, ಅಂಗಳದಾಚೆಯ ಔಟ್‌ಹೌಸಿನ ಟಿವಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿದ್ದರೆ, ನೆಟ್‌ಫ್ಲಿಕ್ಸಿಗೆ ಅವು ಎರಡು ಬೇರೆ ಮನೆಗಳಂತೆ ಕಾಣಬಹುದು. ಅಲ್ಲಿಯವರೆಗೆ ಕೇಬಲ್ ಎಳೆದು ಅದೇ ರೂಟರಿಗೆ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ. ಕೇಬಲ್ಲಿನ ಬೆಲೆ ಮಾತ್ರ ಪಡೆದು ಈ ಕೆಲಸ ಮಾಡಿಕೊಡಲು ನಾವು ತೀರ್ಮಾನಿಸಿದ್ದೇವೆ. ಆದರೆ ಬೇರೆ ಊರಿನಲ್ಲಿ ನೆಲೆಸಿರುವ ಮಕ್ಕಳ ಟಿವಿಯನ್ನು ಇಲ್ಲಿನ ಮನೆಗೆ ಸೇರಿಸಲು ನಮ್ಮ ಕಡೆಯಿಂದ ಯಾವ ದಾರಿಯೂ ಇಲ್ಲ. ಅವರು ಸ್ವಂತ ಖಾತೆ ತೆರೆಯಬೇಕಾಗುತ್ತದೆ. ತಮ್ಮ ಪ್ರೊಫೈಲನ್ನು ಅಲ್ಲಿಗೆ ವರ್ಗಾಯಿಸಿಕೊಂಡರೆ ನೋಡಿದ ಚಿತ್ರಗಳ ದಾಖಲೆ ಉಳಿಯುತ್ತದೆ.

10ರ ನಂತರ ದೂರು ನೀಡುವಾಗ ಪರದೆಯ ಮೇಲಿನ ಸಂದೇಶದ ಫೋಟೊವನ್ನು ಕಚೇರಿಯ ವಾಟ್ಸ್ಆ್ಯಪ್‌ಗೆ ಕಳುಹಿಸಿದರೆ, ಲೈನಿನ ದೋಷವೋ ಖಾತೆಯ ಮಿತಿಯೋ ಎಂಬುದು ನಮಗೆ ಅಲ್ಲಿಯೇ ತಿಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು,
ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಕಚೇರಿ, ಚಿಕ್ಕಮಗಳೂರು