ನಾಲ್ಕನೆಯ ಪಾದದ ವಿಭಕ್ತಿ

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಪೂಜೆಯಲ್ಲಿ ಪುರುಷಸೂಕ್ತ ಹೇಳುವಾಗ ನೀನು ಎದ್ದು ಹೊರಗೆ ಹೋದೆ. ಅದಕ್ಕೆ ನನಗೆ ಬೇಸರವಿಲ್ಲ. ಊಟಕ್ಕೆ ಕುಳಿತಾಗ, ಬ್ರಾಹ್ಮಣನಿಂದ ಶೂದ್ರನವರೆಗೆ ಹೇಳುವ ಅದರ ಹನ್ನೆರಡನೆಯ ಮಂತ್ರದ ಮಾತು ಬಂದು, ನಿನ್ನ ಚಿಕ್ಕಪ್ಪ "ಅದು ಬರೀ ರೂಪಕ" ಎಂದ, ನೀನು "ಜಾತಿ ಹುಟ್ಟಿದ್ದೇ ಅಲ್ಲಿಂದ" ಎಂದೆ. ಇಬ್ಬರೂ ಪುಸ್ತಕ ತೆರೆಯಲಿಲ್ಲವಲ್ಲ, ಬೇಸರ ಅದಕ್ಕೆ.

ಋಗ್ವೇದದ ಹತ್ತನೆಯ ಮಂಡಲದ 90ನೆಯ ಸೂಕ್ತ ತೆಗೆದುಕೋ. ಹದಿನಾರೇ ಮಂತ್ರ. ನಮ್ಮ ಮನೆಯಲ್ಲಿ ಹೇಳುವುದು ತೈತ್ತಿರೀಯ ಆರಣ್ಯಕದ ಪಾಠ, ಅದರಲ್ಲಿ ಹದಿನೆಂಟು. ಹನ್ನೆರಡನೆಯದನ್ನು ಓದುವ ಮೊದಲು ಹನ್ನೊಂದನೆಯದನ್ನು ಓದು. ಅದು ಪ್ರಶ್ನೆ. ದೇವತೆಗಳು ಪುರುಷನನ್ನು, ಅಂದರೆ ಯಜ್ಞಪಶುವಾದ ಆದಿಪುರುಷನನ್ನು, ವಿಭಾಗಿಸಿದಾಗ ಎಷ್ಟು ಭಾಗ ಮಾಡಿದರು, ಅವನ ಮುಖ ಯಾವುದು, ತೋಳು, ತೊಡೆ, ಪಾದ ಎನ್ನಿಸಿಕೊಳ್ಳುವುವು ಯಾವುವು ಎಂದು ಕೇಳುತ್ತದೆ. ಇದು ಯಜ್ಞದಲ್ಲಿ ಪಶುವನ್ನು ಅಂಗಾಂಗವಾಗಿ ಬೇರ್ಪಡಿಸುವ ಮಾತು ಎಂಬುದು ನೆನಪಿರಲಿ.

ಉತ್ತರ ಹೀಗಿದೆ: "ಬ್ರಾಹ್ಮಣೋಽಸ್ಯ ಮುಖಮಾಸೀದ್ ಬಾಹೂ ರಾಜನ್ಯಃ ಕೃತಃ, ಊರೂ ತದಸ್ಯ ಯದ್ವೈಶ್ಯಃ ಪದ್ಭ್ಯಾಂ ಶೂದ್ರೋ ಅಜಾಯತ." ಬೆರಳಿಟ್ಟು ಓದು. ಬ್ರಾಹ್ಮಣ ಅವನ ಮುಖವಾಗಿದ್ದ. ತೋಳುಗಳನ್ನು ರಾಜನ್ಯನನ್ನಾಗಿ, ಅಂದರೆ ಕ್ಷತ್ರಿಯನನ್ನಾಗಿ, ಮಾಡಲಾಯಿತು. ತೊಡೆಗಳು ಯಾವುವೋ ಅವೇ ವೈಶ್ಯ. ಮೂರೂ ಕಡೆ ಪ್ರಥಮಾ ವಿಭಕ್ತಿ, "ಇದು ಅದು" ಎಂಬ ಸಮೀಕರಣ. ಮುಖದಿಂದ ಹುಟ್ಟಿದ ಎಂದಿಲ್ಲ. ನಾಲ್ಕನೆಯ ಪಾದಕ್ಕೆ, ಅಂದರೆ ಮಂತ್ರದ ಕೊನೆಯ ಕಾಲುಭಾಗಕ್ಕೆ, ಬಂದಾಗ ಮಾತು ತಿರುಗುತ್ತದೆ. ಪಾದಗಳು ಶೂದ್ರ ಎನ್ನಬೇಕಾದಲ್ಲಿ ಪಂಚಮಿ ಬಂದು "ಪಾದಗಳಿಂದ ಶೂದ್ರ ಹುಟ್ಟಿದ" ಎಂದಾಗುತ್ತದೆ. ಪ್ರಶ್ನೆ ಕೇಳಿದ್ದು ಹಾಗಲ್ಲ. ಮುಂದಿನ ಎರಡು ಮಂತ್ರಗಳಲ್ಲಿ ಮನಸ್ಸಿನಿಂದ ಚಂದ್ರ, ಕಣ್ಣಿನಿಂದ ಸೂರ್ಯ, ಪಾದಗಳಿಂದ ಭೂಮಿ ಎಂದು ಎಲ್ಲವೂ ಪಂಚಮಿಯೇ. ಈ ಹೊಸ ನಡೆ ಶೂದ್ರನಿಂದಲೇ ಶುರುವಾಗುತ್ತದೆ.

ನಿನ್ನ ಚಿಕ್ಕಪ್ಪನ ಮೆಚ್ಚಿನ ವಾದವೊಂದಿದೆ: ಭೂಮಿಯೂ ಪಾದದಿಂದಲೇ ಬಂದಿತು, ಹಾಗಾದರೆ ಅದು ಕೀಳೇ? ಕೇಳಲು ಚೆನ್ನಾಗಿದೆ. ಆದರೆ ಅದೇ ಮಂತ್ರದಲ್ಲಿ ತಲೆಯಿಂದ ಆಕಾಶ, ಹೊಕ್ಕುಳಿಂದ ಅಂತರಿಕ್ಷ. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಭೂಮಿಯ ಜಾಗವೇ ಅಡಿಯಲ್ಲಿ. ಹಾಗಾಗಿ ಆ ವಾದ ಶ್ರೇಣಿಯನ್ನು ಅಳಿಸುವುದಿಲ್ಲ, ಗಟ್ಟಿಮಾಡುತ್ತದೆ.

ಇನ್ನು ನಿನ್ನ ಮಾತು. ಈ ಮಂತ್ರದಲ್ಲಿ "ವರ್ಣ" ಎಂಬ ಪದವಿಲ್ಲ. ಅಸ್ಪೃಶ್ಯತೆಯ ಸುಳಿವಿಲ್ಲ, ವೃತ್ತಿ ಮಗನಿಗೆ ಬರುವುದೆಂಬ ನಿಯಮವಿಲ್ಲ. ರಾಜನ್ಯ, ವೈಶ್ಯ, ಶೂದ್ರ ಎಂಬ ಪದಗಳು ಇಡೀ ಋಗ್ವೇದದಲ್ಲಿ ಇಲ್ಲಿ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲ. ಸೂಕ್ತ ತಡವಾಗಿ ಬಂದದ್ದು ಎನ್ನುವವರಿಗೆ ಇದೊಂದು ದೊಡ್ಡ ಆಧಾರ. ಅಂಬೇಡ್ಕರ್ 1946ರಲ್ಲಿ ಶೂದ್ರರ ಮೂಲವನ್ನು ಕುರಿತು ಬರೆದ ಪುಸ್ತಕವನ್ನು ಈ ಸೂಕ್ತದ ಒಗಟಿನಿಂದಲೇ ಆರಂಭಿಸಿದರು. ಸಮಾಜದಲ್ಲಿ ವರ್ಗಗಳು ಎಲ್ಲೆಡೆ ಇವೆ, ಆದರೆ ಇರುವುದನ್ನೇ ದೈವವಿಧಿಯಾಗಿ ಏರಿಸಿದ್ದು ಏಕೆ ಎಂಬುದು ಅವರ ಪ್ರಶ್ನೆ. ಚಿಕ್ಕಪ್ಪನಿಗೆ ಅದನ್ನು ಓದಿಸು. "ಪ್ರಕ್ಷಿಪ್ತ", ಆಮೇಲೆ ಯಾರೋ ಸೇರಿಸಿದ್ದು ಎಂದುಬಿಟ್ಟರೆ ಹೊರೆ ಇಳಿಯಿತು ಎಂದುಕೊಳ್ಳುವವರಿದ್ದಾರೆ. ಪ್ರಕ್ಷಿಪ್ತವಾದರೂ ಮಂತ್ರ ಕೆಲಸ ಮಾಡಿತಲ್ಲ!

ಹೇಗೆ ಮಾಡಿತು ನೋಡು. ಅಥರ್ವವೇದದ ಪಾಠದಲ್ಲಿ ವೈಶ್ಯ ತೊಡೆಯಲ್ಲ, "ಮಧ್ಯ", ಅಂದರೆ ನಡು. ಅಂಗಗಳ ಹೆಸರು ಇನ್ನೂ ಅಲುಗಾಡುತ್ತಿತ್ತು. ತೈತ್ತಿರೀಯ ಸಂಹಿತೆಯಲ್ಲಿ ಪ್ರಜಾಪತಿ ಪಾದದಿಂದ ಶೂದ್ರನನ್ನೂ ಕುದುರೆಯನ್ನೂ ಸೃಷ್ಟಿಸುತ್ತಾನೆ. ಅವನೊಂದಿಗೆ ಯಾವ ದೇವತೆಯೂ ಹುಟ್ಟಲಿಲ್ಲ, ಆದ್ದರಿಂದ ಶೂದ್ರ ಯಜ್ಞಕ್ಕೆ ಯೋಗ್ಯನಲ್ಲ ಎಂಬ ತೀರ್ಮಾನವೂ ಅಲ್ಲೇ ಇದೆ. ಸೂಕ್ತದಲ್ಲಿಲ್ಲದ ನಿಷೇಧ ಅಲ್ಲಿ ಬಂತು. ಮನು ನಾಲ್ವರನ್ನೂ "ಮುಖಬಾಹೂರುಪಾದತಃ" ಎಂದು ಒಂದೇ ಪಂಚಮಿಯಲ್ಲಿ ಕಟ್ಟಿದ. ಹದಿನಾಲ್ಕನೆಯ ಶತಮಾನದಲ್ಲಿ, ನಮ್ಮ ವಿಜಯನಗರದಲ್ಲಿ ಕುಳಿತು ಭಾಷ್ಯ ಬರೆದ ಸಾಯಣರು ಕೂಡ "ಮುಖವಾಗಿದ್ದ" ಎಂಬುದಕ್ಕೆ ಮುಖದಿಂದ ಹುಟ್ಟಿದ ಎಂದೇ ಅರ್ಥ ಹೇಳಿ, ಆ ತೈತ್ತಿರೀಯ ಸಂಹಿತೆಯ ಮಾತನ್ನೇ ಆಧಾರ ಕೊಟ್ಟರು. ನಂತರ ಬಂದದ್ದರ ಬೆಳಕಿನಲ್ಲಿ ಮೊದಲಿನದನ್ನು ಓದಿದ್ದು ಹೀಗೆ. ಅವರಿಗಿಂತ ಎರಡು ಶತಮಾನ ಮುಂಚೆ ಬಸವಣ್ಣ "ಕರ್ಣದಲ್ಲಿ ಜನಿಸಿದವರುಂಟೆ ಜಗದೊಳಗೆ" ಎಂದು ಕೇಳಿದ್ದು ಈ ಹುಟ್ಟಿನ ಕಥೆಗೇ ತಾಗುತ್ತದೆ.

ನಾನು ಐವತ್ತು ವರ್ಷ ಈ ಸೂಕ್ತ ಹೇಳಿದ್ದೇನೆ. ನಿನ್ನ ವಯಸ್ಸಿನಲ್ಲಿ ಇದೇ ಪ್ರಶ್ನೆ ಕೇಳಿದ ಗೆಳೆಯನೊಬ್ಬನಿಗೆ ನಾನೂ "ರೂಪಕ" ಎಂದೇ ಉತ್ತರಿಸಿದ್ದೆ. ಅವನ ತಂದೆಯನ್ನು ನಮ್ಮ ಅಜ್ಜ ಜಗಲಿಯಿಂದ ಮೇಲೆ ಹತ್ತಿಸುತ್ತಿರಲಿಲ್ಲ. ಅವನು ಜಗಲಿಯ ಕಡೆ ಒಮ್ಮೆ ನೋಡಿ ಸುಮ್ಮನಾದ.

ಸಾಯಣಭಾಷ್ಯದ ಆ ಪುಟದಲ್ಲಿ ಕಾಗದದ ಚೂರು ಇಟ್ಟಿದ್ದೇನೆ. ದೀಪಾವಳಿಗೆ ಬಂದಾಗ ಚಿಕ್ಕಪ್ಪನನ್ನೂ ಕೂರಿಸಿಕೊಂಡು ಓದೋಣ.

ಇತಿ,
ನಿನ್ನ ದೊಡ್ಡಪ್ಪ