ಮೊದಲು ಬಂದ 150 ರೂಪಾಯಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಮ್ಮಾ, ಮೂರು ವಿಡಿಯೋಗೆ ಲೈಕ್ ಒತ್ತಿದೆ, 150 ರೂಪಾಯಿ ನಿಜವಾಗ್ಲೂ ಬಂತು" ಅಂದೆ. ಆಗಿನಿಂದ ನನಗೆ ಸಮಾಧಾನ ಇಲ್ಲ. ದುಡ್ಡು ಬರದೇ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನಿನ್ನ ಚಿಕ್ಕಮ್ಮನಿಗೂ ಹೋದ ವರ್ಷ ಹೀಗೇ ಮೊದಲು 150 ಬಂದಿತ್ತು. ನಿನಗೆ ಯಾರೂ ಹೇಳಿರಲಿಲ್ಲ. ಈಗ ಅವಳೇ "ಎಲ್ಲಾ ಬರೆದು ಕಳಿಸಕ್ಕಾ" ಅಂದಳು.

ಅವಳಿಗೂ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಮೆಸೇಜ್ ಬಂತು. ಒಂದು ಲೈಕಿಗೆ 50 ರೂಪಾಯಿ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಎರಡು ದಿನ ಬರೀ ಲೈಕ್. ಮೂರನೇ ದಿನ 'ಪ್ರೀಪೇಯ್ಡ್ ಟಾಸ್ಕ್' ಅಂದರು. 1,000 ಹಾಕಿದರೆ 1,300 ವಾಪಸ್. ಹಾಕಿದಳು, ಅರ್ಧ ಗಂಟೆಯಲ್ಲಿ ಬಂದೇ ಬಿಟ್ಟಿತು. ಅವಳಿಗೆ ನಂಬಿಕೆ ಕೂತಿದ್ದು ಅಲ್ಲೇ. ನಾನಾದರೆ ಅಲ್ಲೇ ನಿಲ್ಲು ಅಂತಿದ್ದೆ. ಕೆಲಸ ಕೊಟ್ಟವರು ಸಂಬಳ ಕೊಡಬೇಕು, ನಮ್ಮ ಹತ್ತಿರ ಯಾಕೆ ದುಡ್ಡು ಕೇಳಬೇಕು, ಅಲ್ವಾ?

ಮುಂದಿನದು ಮೂರು ಟಾಸ್ಕ್‌ಗಳ ಸೆಟ್. ಮೂರೂ ಮುಗಿದರೆ ಮಾತ್ರ ದುಡ್ಡು. ಮೊದಲು 5,000 ಅಂದರು. ಅದು ಹಾಕಿದ ಮೇಲೆ 15,000. ಆಮೇಲೆ 38,000. ನಡುವೆ ಬಿಟ್ಟರೆ ಹಾಕಿದ್ದೂ ಹೋಗುತ್ತದೆ ಅಂದಿದ್ದಕ್ಕೆ ಹೆದರಿ ಬಳೆ ಅಡವಿಟ್ಟಳು. ಗುಂಪಿನಲ್ಲಿ 'ನನಗೆ ಬಂತು, ನನಗೂ ಬಂತು' ಅಂತ ಸ್ಕ್ರೀನ್‌ಶಾಟ್ ಹಾಕುತ್ತಿದ್ದವರೂ ಅವರ ಕಡೆಯವರೇ. ಅವರು ಕೊಟ್ಟ ವೆಬ್‌ಸೈಟಿನಲ್ಲಿ ಅವಳ ಲೆಕ್ಕಕ್ಕೆ 75,400 ತೋರಿಸುತ್ತಿತ್ತು. ತೆಗೆಯಲು ಹೋದರೆ, 'ನೀವು ತಪ್ಪು ಒತ್ತಿದ್ದೀರಿ, ಸರಿಮಾಡಲು ಇನ್ನೂ 40,000 ಹಾಕಿ' ಅಂತ ಬಂತು. ಆಗ ಅಳುತ್ತಾ ನನ್ನ ಹತ್ತಿರ ಬಂದಳು.

ಅವಳ ಫೋನನ್ನು ನಾನೇ ನೋಡಿದೆ. ಮೂರು ಸಲ ಹಾಕಿದ ದುಡ್ಡು ಮೂರು ಬೇರೆ ಹೆಸರಿಗೆ ಹೋಗಿತ್ತು. ಒಂದು ಯಾವುದೋ ಟ್ರೇಡರ್ಸ್, ಒಂದು ಮೊಬೈಲ್ ಅಂಗಡಿ, ಇನ್ನೊಂದು ಯಾರೋ ಒಬ್ಬ ಹುಡುಗನ ಹೆಸರು. ಕೆಲಸ ಕೊಟ್ಟ ಕಂಪನಿಯ ಹೆಸರು ಒಂದರಲ್ಲೂ ಇಲ್ಲ. ಈ ಮೋಸಗಾರರು ಕಮಿಷನ್ ಆಸೆ ತೋರಿಸಿ ಯಾರ್ಯಾರದೋ ಖಾತೆ ಬಾಡಿಗೆಗೆ ಹಿಡಿಯುತ್ತಾರೆ. ನಿನ್ನ 150 ಯಾರ ಹೆಸರಿನಿಂದ ಬಂದಿದೆ ನೋಡು. ಅದು ಇನ್ನೊಬ್ಬರು ಕಳೆದುಕೊಂಡ ದುಡ್ಡೇ ಆಗಿರಬಹುದು. ಅವರು ದೂರು ಕೊಟ್ಟರೆ ನಿನ್ನ ಖಾತೆಗೂ ತಡೆ ಬೀಳಬಹುದು. ಅದಕ್ಕೇ ಇನ್ನೊಂದು ರೂಪಾಯಿಯೂ ಅವರಿಂದ ತಗೋಬೇಡ. ನಿನ್ನ ಖಾತೆಗೆ ದುಡ್ಡು ಹಾಕ್ತೀವಿ, ಬೇರೆ ಕಡೆ ಕಳಿಸು ಅಂದರೆ ಒಪ್ಪಲೇಬೇಡ.

ಚಿಕ್ಕಮ್ಮ ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದಳು. ನಾವು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ cybercrime.gov.in ನಲ್ಲಿ ದೂರು ಹಾಕುವಷ್ಟರಲ್ಲಿ ಆ ಖಾತೆಗಳು ಖಾಲಿಯಾಗಿದ್ದವು. ಅದೇ ದಿನ ಮಾಡಿದ್ದರೆ ಸ್ವಲ್ಪವಾದರೂ ತಡೆಯಬಹುದಿತ್ತೇನೋ.

ನೀನು ಏನಾದರೂ ಹಾಕಿದ್ದರೆ ಈಗಲೇ ಹೇಳು. ನಾನು ಬೈಯಲ್ಲ. ಗುಂಪಿನಿಂದ ಹೊರಗೆ ಬರುವ ಮೊದಲು ಚಾಟ್, ನಂಬರ್, ದುಡ್ಡು ಬಂದಿದ್ದು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ. ಹೊರಗೆ ಬಂದುಬಿಟ್ಟರೆ ಆ ಮೆಸೇಜುಗಳು ಸಿಗೋದು ಕಷ್ಟ. ರಾತ್ರಿ ಊಟ ಆದಮೇಲೆ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ ಅಮ್ಮ